ಹಳೇ ಸೀರೆಯ ಅಗಲ ಇದ್ದರೆ ಕುಶನ್ ಕವರಿಗೆ ಜಿಪ್ಪೇ ಬೇಡ

ನಾನು ಹೇಳಹೊರಟಿರುವ ಸೀರೆ ನಮ್ಮತ್ತೆಯದು. ತೀರ್ಥಹಳ್ಳಿ ಕಡೆಯ ಮನೆಯ ಜಗಲಿಯಲ್ಲಿ ಹಗ್ಗಕ್ಕೆ ಹಾಕಿದ್ದಾಗ ಅದರ ಫೋಟೋ ತೆಗೆದಿದ್ದೆ. ಹತ್ತಿ ಸೀರೆ, ಕಡು ಹಸಿರು ಒಡಲು, ನಾಲ್ಕಿಂಚಿನ ಕೆಂಪು ಅಂಚು. "ನೆಲ ಒರೆಸೋದಕ್ಕೆ ಅಂತ ಇಟ್ಟಿದ್ದು ಮಾರಾಯ್ತಿ, ಅದರ ಫೋಟೋ ಯಾಕೆ?" ಅಂತ ಅತ್ತೆ ಕೇಳಿದ್ದರು. ಅದರಿಂದಲೇ ಈಗ ಆರು ಕುಶನ್ ಕವರ್ ಆಗಿವೆ. ಹೇಗೆ ಅಂತ ಹೇಳುತ್ತೇನೆ.

ಕತ್ತರಿ ಹಿಡಿಯೋ ಮೊದಲು ಸೀರೆಯನ್ನು ಓದಬೇಕು. ಉಟ್ಟ ಸೀರೆ ಎಲ್ಲಾ ಕಡೆ ಒಂದೇ ಥರ ಸವೆಯುವುದಿಲ್ಲ. ನೆರಿಗೆ ಬರುವ ಕಡೆ ಕೆಳಗಿನ ಅಂಚು ಕಾಲಿಗೆ, ಕಾಲುಂಗುರಕ್ಕೆ ಸಿಕ್ಕಿ ಹರಿದಿರುತ್ತದೆ. ಕೂತು ಏಳುವ ಜಾಗದಲ್ಲಿ ಬಟ್ಟೆ ತೆಳುವಾಗಿರುತ್ತದೆ. ಸೆರಗಿನಲ್ಲಿ ಪಿನ್ನಿನ ತೂತು. ಆದರೆ ಮೊದಲ ಸುತ್ತಿನಲ್ಲಿ ಒಳಗೆ ಸೇರುವ ತುದಿ ನೋಡಿ, ಎಷ್ಟೋ ಸೀರೆಗಳಲ್ಲಿ ಅಲ್ಲಿ ಬಣ್ಣ ಕೂಡ ಹೊಸದರ ಹಾಗೇ ಉಳಿದಿರುತ್ತದೆ.

ಇಬ್ಬರು ಎರಡು ಕಡೆ ಹಿಡಿದು ಕಿಟಕಿಯ ಬೆಳಕಿಗೆ ಅಡ್ಡ ಚಾಚಿ. ಜರಡಿಯ ಹಾಗೆ ಬೆಳಕು ಬರುವ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಅನುಮಾನ ಇರುವ ಕಡೆ ಎರಡು ಹೆಬ್ಬೆರಳನ್ನು ಎರಡಿಂಚು ದೂರ ಇಟ್ಟು ಸ್ವಲ್ಪ ಜಗ್ಗಿ ನೋಡಿ. ಎಳೆ ಬಿಟ್ಟುಕೊಂಡು ಹಾಗೇ ನಿಂತರೆ, ಇಲ್ಲಾ ಚರ್ ಅಂದರೆ, ಆ ಜಾಗ ಕವರಿಗೆ ಆಗುವುದಿಲ್ಲ. ಈಗಲೇ ಹರಿದರೆ ಒಳ್ಳೆಯದೇ. ಹೊಲಿದ ಮೇಲೆ ಹರಿದರೆ ಅಲ್ವಾ ಹೊಟ್ಟೆ ಉರಿಯೋದು!

ಆಮೇಲೆ ಒಗೆಯುವುದು. ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿದ್ದ ಸೀರೆಗೆ ನಮ್ಮ ಕಡೆ ಬೂಷ್ಟು ಹಿಡಿಯದೇ ಇರುವುದಿಲ್ಲ. ಮನೆ ಒಳಗೆ ಕೊಡವಬೇಡಿ, ಹೊರಗೆ ಬಿಸಿಲಲ್ಲಿ ಒಣಗಿಸಿ, ಬ್ರಷ್ಷಿನಿಂದ ಉಜ್ಜಿ, ನಂತರ ಸೋಪು ಹಾಕಿ ಒಗೆಯಿರಿ. ಒದ್ದೆ ಇರುವಾಗಲೇ ಕೆಂಪು ಅಂಚಿನ ಮೇಲೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಕವರನ್ನು ಮುಂದೆಯೂ ಬೇರೆಯಾಗಿಯೇ ಒಗೆಯಬೇಕು.

ಹಳೇ ಹತ್ತಿ ಬಟ್ಟೆ ಮೆತ್ತಗಾಗಿ ಕತ್ತರಿಯ ಕೆಳಗೆ ಜಾರುತ್ತದೆ, ಗೆರೆ ನೇರ ನಿಲ್ಲುವುದೇ ಇಲ್ಲ. ಅದಕ್ಕೆ ತೆಳು ಅನ್ನದ ಗಂಜಿ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ. ಕಾಗದದ ಹಾಗೆ ಮಾತು ಕೇಳುತ್ತದೆ. ಹೊಲಿಗೆ ಮುಗಿದ ಮೇಲೆ ಮಾತ್ರ ಗಂಜಿ ಹೋಗುವ ಹಾಗೆ ಒಗೆದುಬಿಡಿ, ಇಲ್ಲದಿದ್ದರೆ ಎತ್ತಿಟ್ಟ ಕವರನ್ನು ಜಿರಳೆ, ಹುಳ ತಿಂದುಹಾಕುತ್ತವೆ.

ಈಗ ಮುಖ್ಯ ವಿಷಯ. ನಮ್ಮ ಸೀರೆಯ ಅಗಲ ಅಂಚು ಸೇರಿ 46 ಇಂಚು. ಕುಶನ್ 16 ಇಂಚಿನದು. ಹಳೇ ಬಟ್ಟೆ ಬಿಗಿಯಾದರೆ ಮೂಲೆಯಲ್ಲಿ ಹರಿಯುತ್ತದೆ, ಹಾಗಾಗಿ ಕವರ್ 17 ಇಂಚು ಇರಲಿ. ಸೀರೆಯ ಉದ್ದದಲ್ಲಿ 18 ಇಂಚು ಅಳೆದು, ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿ. ಒಂದು ಕವರಿಗೆ ಇಷ್ಟೇ ಬಟ್ಟೆ. ಎರಡೂ ತುದಿಯಲ್ಲಿ ನೇಯ್ದ ಅಂಚೇ ಇರುವುದರಿಂದ ಅದು ಬಿಚ್ಚಿಕೊಳ್ಳುವುದಿಲ್ಲ, ಮಡಚಿ ಹೊಲಿಯುವ ಕೆಲಸ ಇಲ್ಲ, ಜಿಪ್ಪು ಗುಂಡಿ ಯಾವುದೂ ಬೇಡ.

ಬಟ್ಟೆ ಅಂಗಡಿಯವರ ಹಾಗೆ ಚೂರು ಕತ್ತರಿಸಿ ಪರ್ ಅಂತ ಹರಿಯಲು ಹೋಗಬೇಡಿ. ನಾನು ಹಾಗೆ ಮಾಡಿ ಮೊದಲ ಪಟ್ಟಿಯನ್ನೇ ಕಳೆದುಕೊಂಡೆ. ತೆಳುವಾದ ಜಾಗ ಬಂದ ತಕ್ಷಣ ಹರಿತ ಓರೆಯಾಗಿ ಒಡಲೊಳಗೆ ಓಡಿತು. ಅಡ್ಡಕ್ಕೆ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದರೆ ಬಟ್ಟೆಯಲ್ಲಿ ಸಣ್ಣ ಗೆರೆ ಬೀಳುತ್ತದೆ. ಅದರ ಮೇಲೇ ಕತ್ತರಿ ಓಡಿಸಿ. ಎಳೆ ಮಧ್ಯದಲ್ಲಿ ತುಂಡಾದರೆ ಅಲ್ಲಿವರೆಗೆ ಕತ್ತರಿಸಿಕೊಂಡು ಹೋಗಿ, ಮತ್ತೆ ಪಕ್ಕದ ಎಳೆ ಹಿಡಿಯಿರಿ.

ಪಟ್ಟಿಯ ಒಳ್ಳೆಯ ಮುಖ ಮೇಲೆ ಬರುವ ಹಾಗೆ ಹಾಸಿ. ಚೆನ್ನಾಗಿರುವ ಅಂಚಿನ ಕಡೆಯಿಂದ 16 ಇಂಚು, ಹರಿದ ಅಂಚಿನ ಕಡೆಯಿಂದ 13 ಇಂಚು ಗುರುತು ಮಾಡಿ. ನಡುವೆ 17 ಇಂಚು ಉಳಿಯುತ್ತದೆ, ಅದು ಹಿಂಭಾಗ. ಈ ನಡುಭಾಗದ ತಪ್ಪು ಮುಖಕ್ಕೆ ಹಳೇ ಪಂಚೆಯ ತುಂಡೊಂದನ್ನು ಕಚ್ಚಾ ಹೊಲಿಗೆ ಹಾಕಿ ಸೇರಿಸಿ. ಅಲ್ಲಿ ಸೀರೆ ಒಂದೇ ಪದರ ಇರುತ್ತದೆ, ಒಬ್ಬಳೇ ಭಾರ ಹೊರಲಾರಳು.

ಈಗ ಮಡಚುವುದು, ಇಲ್ಲೇ ಎಲ್ಲರೂ ಎಡವುವುದು. ಮೊದಲು ಚೆನ್ನಾಗಿರುವ ಅಂಚಿನ 16 ಇಂಚನ್ನು ನಡುಭಾಗದ ಮೇಲೆ ಮಡಚಿ. ಅದರ ಮೇಲೆ ಹರಿದ ಅಂಚಿನ 13 ಇಂಚು. ನೋಡಲು ಉಲ್ಟಾ ಅನ್ನಿಸುತ್ತದೆ, ಹರಿದದ್ದು ಮೇಲೆ ಬಂತಲ್ಲ ಅಂತ. ತಿರುವಿದಾಗ ಮೊದಲು ಮಡಚಿದ್ದೇ ಹೊರಗೆ ಬರುತ್ತದೆ. ಎರಡು ಮಡಿಕೆ 12 ಇಂಚು ಒಂದರ ಮೇಲೊಂದು ಕೂರುತ್ತವೆ, ಕುಶನ್ ಹೊರಗೆ ಇಣುಕುವುದಿಲ್ಲ. ನೆರಿಗೆ ಭಾಗದ ಹರಿದ ಅಂಚು ಒಳಗೆ ಅಡಗುತ್ತದೆ, ಒಳ್ಳೆ ಅಂಚು ಮುಂಭಾಗದಲ್ಲಿ ಒಂದು ಪಕ್ಕಕ್ಕೆ ಉದ್ದಕ್ಕೂ ಕಾಣುತ್ತದೆ. ಜಿಪ್ಪಿನ ಕವರಿನಲ್ಲಿ ಬಿಸಾಡಬೇಕಾಗಿದ್ದ ನೆರಿಗೆ ಭಾಗದಿಂದಲೇ ನಮಗೆ ಮೂರು ಕವರ್ ಸಿಕ್ಕವು.

ತೆರೆದಿರುವ ಎರಡು ಪಕ್ಕಕ್ಕೆ ಅರ್ಧ ಇಂಚು ಬಿಟ್ಟು ಹೊಲಿಯಿರಿ. 11ನೇ ನಂಬರ್ ಸೂಜಿ ಸಾಕು. ಹೊಲಿಗೆ ಇಂಚಿಗೆ ಒಂಬತ್ತು ಹತ್ತು ಇರಲಿ. ಗಟ್ಟಿಯಾಗಲಿ ಅಂತ ಸಣ್ಣ ಸಣ್ಣ ಹೊಲಿಗೆ ಹಾಕಿದರೆ ಹಳೇ ಬಟ್ಟೆಗೆ ಸಾಲಾಗಿ ತೂತು ಹೊಡೆದಂತಾಗಿ, ಅಂಚೆಚೀಟಿ ಹರಿದ ಹಾಗೆ ಅದೇ ಗೆರೆಯಲ್ಲಿ ಬಿಟ್ಟುಕೊಳ್ಳುತ್ತದೆ. ಅಂಚು ಬಂದು ಸೇರುವ ಜಾಗದಲ್ಲಿ ಹಿಂದೆ ಮುಂದೆ ಎರಡು ಸಲ ಓಡಿಸಿ, ಕುಶನ್ ತುರುಕುವಾಗ ಜಗ್ಗುವುದು ಅಲ್ಲೇ. ಬದಿಗೆ ಜಿಗ್‌ಜ್ಯಾಗ್, ಅದಿಲ್ಲದಿದ್ದರೆ ಕೈಹೊಲಿಗೆ. ತಿರುವಿ ಹಾಕಿದರೆ ಮುಗಿಯಿತು.

ಬ್ಯಾಗ್ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಒಡಲಿನ ಬಟ್ಟೆ ಒಂದನ್ನೇ ನಂಬಿದರೆ ಆಗದು. ನಾನು ಒಮ್ಮೆ ಎರಡು ಪದರದಲ್ಲಿ ಹೊಲಿದು ನಾಲ್ಕು ತೆಂಗಿನಕಾಯಿ ಹಾಕಿದ್ದೆ, ಬಸ್ ಹತ್ತುವಾಗ ಹಿಡಿಕೆಯ ಬುಡದಲ್ಲೇ ಕಿತ್ತುಬಂತು. ಹಿಡಿಕೆ ಹರಿಯಲಿಲ್ಲ, ಅದು ಗಟ್ಟಿ ಅಂಚಿನದು. ಹರಿದದ್ದು ಅದನ್ನು ಹೊಲಿದಿದ್ದ ಒಡಲು. ಒಳಗೆ ಹಳೇ ಜೀನ್ಸ್ ಬಟ್ಟೆ ಕೊಟ್ಟು, ಹಿಡಿಕೆಯನ್ನು ಅದಕ್ಕೆ ಸೇರಿಸಿ ಹೊಲಿದರೆ ಮಾತ್ರ ಸಂತೆಗೆ ಒಯ್ಯಿರಿ.

ಕುಶನ್ನಿಗೆ ಆಗದ ತೆಳು ಬಟ್ಟೆ ಕೂಸಿನ ಜುಬ್ಲಕ್ಕೆ ಚೆನ್ನಾಗಿರುತ್ತದೆ, ಅಷ್ಟು ಮೆತ್ತನೆಯದು ಅಂಗಡಿಯಲ್ಲಿ ಸಿಗಲ್ಲ. ಜಗ್ಗಿ ನೋಡಿದಾಗ ಚರ್ ಅಂದ ತುಂಡು ಮಾತ್ರ ಬೇಡ. ಆದರೆ ಹತ್ತಿಯೇ ಹೌದಾ ನೋಡಿಕೊಳ್ಳಿ. ಒಂದೆರಡು ಎಳೆ ಸುಟ್ಟರೆ ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣ ಬಿಡುವ ಬಟ್ಟೆ, ಜರಿ ಎರಡೂ ಕೂಸಿಗೆ ಬೇಡ. ಹೊಲಿಗೆಯ ಮಡಿಕೆ ಹೊರಗೆ ಬರುವ ಹಾಗೆ ಹೊಲಿಯಿರಿ, ಮೈಗೆ ಒತ್ತುವುದಿಲ್ಲ. ಅತ್ತೆ ಹಾಗೆ ಹೊಲಿದಿದ್ದನ್ನು ನೋಡಿ ನಾನು ಉಲ್ಟಾ ಹಾಕಿದ್ದಾರೆ ಅಂತ ಕೂಸಿನ ಜುಬ್ಲ ಬಿಚ್ಚಿ ತಿರುಗಿಸಿ ಹಾಕಿದ್ದೆ.