ಕೋಚಿಂಗ್ ಸೆಂಟರ್‌ಗೆ ಅರ್ಜಿ: ನನ್ನ ಪತ್ರದಲ್ಲಿ ಏನೇನು ಬರೆದೆ

ನಾನು ಪಿಯು ಮಕ್ಕಳಿಗೆ ಮನೆಯಲ್ಲೇ ಫಿಸಿಕ್ಸ್ ಟ್ಯೂಷನ್ ಮಾಡುತ್ತೇನೆ. ಊರಿನ ಒಂದು ಸಿಇಟಿ ಕೋಚಿಂಗ್ ಸೆಂಟರ್‌ಗೆ ಅರ್ಜಿ ಹಾಕುವಾಗ "ವಿಷಯದಲ್ಲಿ ಒಳ್ಳೆಯ ಹಿಡಿತವಿದೆ" ಅಂತ ಬರೆಯಲಿಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ ಅಲ್ವಾ? ಅದರ ಬದಲು ಒಂದೇ ಒಂದು ಲೆಕ್ಕ ಹಿಡಿದುಕೊಂಡೆ.

ಕೆಪಾಸಿಟರ್ ಚಾರ್ಜ್ ಮಾಡಿ, ಬ್ಯಾಟರಿ ತೆಗೆದು, ಪ್ಲೇಟುಗಳ ನಡುವೆ ಪೂರ್ತಿ ಡೈಎಲೆಕ್ಟ್ರಿಕ್ ತುಂಬಿದ್ದೇವೆ, K = 2. ಶಕ್ತಿ ಎಷ್ಟಾಗುತ್ತದೆ? ಮಕ್ಕಳು ತಕ್ಷಣ U = ½CV² ಬರೆಯುತ್ತಾರೆ, C ಎರಡು ಪಟ್ಟಾಯಿತು, ಹಾಗಾದರೆ U ಕೂಡ ಎರಡು ಪಟ್ಟು ಅಂತ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಸೂತ್ರ ಸರಿಯಾಗಿಯೇ ಇದೆ. ಆದರೆ V ಅರ್ಧಕ್ಕೆ ಇಳಿದಿದೆ, ಅದನ್ನು ಯಾರೂ ನೋಡುವುದಿಲ್ಲ. ಬ್ಯಾಟರಿ ಇಲ್ಲ ಅಂದಮೇಲೆ ಚಾರ್ಜ್ ಹೋಗುವುದಾದರೂ ಎಲ್ಲಿಗೆ? Q ಹಾಗೇ ಇರುತ್ತದೆ. U = Q²/2C ಹಾಕಿದರೆ ಶಕ್ತಿ ಅರ್ಧ ಅಂತ ಗೊತ್ತಾಗುತ್ತದೆ. ಬ್ಯಾಟರಿ ಹಾಗೇ ಇದ್ದಿದ್ದರೆ ಮಾತ್ರ ಎರಡು ಪಟ್ಟು.

ಪತ್ರದಲ್ಲಿ ಇಷ್ಟು ವಿವರಿಸಿ ಕೆಳಗೆ ಹೀಗೆ ಸೇರಿಸಿದೆ: "ಸೂತ್ರ ಬರೆಯುವ ಮೊದಲು, ಇಲ್ಲಿ ಯಾವುದು ಬದಲಾಗುವುದಿಲ್ಲ ಅಂತ ಮಕ್ಕಳಿಂದ ಬರೆಸುತ್ತೇನೆ." ಪಾಠ ಮಾಡಿದವರಿಗೆ ಈ ಒಂದು ಸಾಲು ಸಾಕು, ನಾನು ತರಗತಿಯಲ್ಲಿ ಏನು ಮಾಡುತ್ತೇನೆ ಅಂತ ತಿಳಿಯುತ್ತದೆ.

ಫಲಿತಾಂಶದ ವಿಚಾರಕ್ಕೆ ಬಂದರೆ, ನಾನು ರ‍್ಯಾಂಕ್ ಬರೆಯಲೇ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ತೂಕ ಪಿಯು ಅಂಕಗಳದ್ದು, ಉಳಿದರ್ಧದಲ್ಲಿ ಕೆಮಿಸ್ಟ್ರಿ, ಮ್ಯಾತ್ಸ್ ಕೂಡ ಇವೆ. ಫಿಸಿಕ್ಸ್ ಮೇಷ್ಟ್ರು ಅದನ್ನು ತನ್ನದು ಅಂತ ಹೇಗೆ ಹೇಳಿಕೊಳ್ಳುವುದು? ಅದಕ್ಕೆ ಫಿಸಿಕ್ಸ್ ಅಂಕ ಮಾತ್ರ ಕೊಟ್ಟೆ, 60ಕ್ಕೆ ಎಷ್ಟು ಅಂತ. ಟಾಪರ್ ಒಬ್ಬನದ್ದಲ್ಲ, ಬ್ಯಾಚಿನಲ್ಲಿದ್ದ ಹನ್ನೊಂದೂ ಮಕ್ಕಳದ್ದು. ಪಕ್ಕದಲ್ಲಿ ಅವರು ಸೇರಿದಾಗ ನಾನು ಕೊಟ್ಟ 60 ಪ್ರಶ್ನೆಗಳ ಟೆಸ್ಟಿನ ಅಂಕ. ಒಬ್ಬ ಹುಡುಗಿ 19ರಿಂದ 41ಕ್ಕೆ ಬಂದಿದ್ದಳು, ನನಗೆ ಅದೇ ಜಾಸ್ತಿ ಮುಖ್ಯ, ಮೊದಲೇ 44 ಇದ್ದವನ 52 ಅಷ್ಟಲ್ಲ. ಯಾಕೆಂದರೆ ಸಿಇಟಿಯಲ್ಲಿ ನೆಗೆಟಿವ್ ಅಂಕ ಇಲ್ಲ, ನಾಲ್ಕು ಆಯ್ಕೆ, ಸುಮ್ನೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 15 ಬರುತ್ತದೆ. 19 ಅಂದರೆ ಹೆಚ್ಚುಕಡಿಮೆ ಏನೂ ಬಾರದು ಅಂತಲೇ.

ಇಬ್ಬರ ಅಂಕ ಅಲ್ಲಾಡಿರಲೇ ಇಲ್ಲ. ಅದನ್ನೂ ಬಿಡದೆ ಬರೆದೆ, ಇಬ್ಬರಿಗೂ ವೆಕ್ಟರ್ ಮತ್ತು ಕ್ಯಾಲ್ಕುಲಸ್ ಬರುತ್ತಿರಲಿಲ್ಲ ಅನ್ನುವ ಕಾರಣದ ಸಮೇತ. ಹೆಸರು, ರಿಜಿಸ್ಟರ್ ನಂಬರ್ ಹಾಕಲಿಲ್ಲ. ಫಲಿತಾಂಶದ ಪ್ರಿಂಟ್ ತೋರಿಸಲು ಪೋಷಕರನ್ನು ಮೊದಲೇ ಕೇಳಿಟ್ಟುಕೊಂಡಿದ್ದೆ.

ಡೆಮೊ ಕ್ಲಾಸಿಗೆ ಕರೆದರು. ಅಲ್ಲಿನ ಹಿರಿಯ ಮೇಷ್ಟ್ರು ಕೇಳಿದ್ದು, "ಸರ್, ಆ ಅರ್ಧ ಶಕ್ತಿ ಎಲ್ಲಿಗೆ ಹೋಯಿತು?" ಪ್ಲೇಟುಗಳೇ ಡೈಎಲೆಕ್ಟ್ರಿಕ್ ಅನ್ನು ಒಳಗೆ ಎಳೆದುಕೊಳ್ಳುತ್ತವೆ, ಆ ಕೆಲಸಕ್ಕೆ ಖರ್ಚಾಯಿತು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಆಮೇಲೆ ಸಂಬಳದ ಮಾತು ಶುರುವಾಯಿತು.