ಕೋಷ್ಟಕ ಬಿಟ್ಟು ಮೂರು ರೂಪ ಹಿಡಿದದ್ದು: ಅರಬ್ಬಿ ಕ್ರಿಯಾಪದಗಳೊಡನೆ ನನ್ನ ಅನುಭವ

ಅರಬ್ಬಿ ಕಲಿಯತೊಡಗಿದ ಹೊಸತರಲ್ಲಿ ನಾನು ಪ್ರತಿ ಕ್ರಿಯಾಪದಕ್ಕೂ ಭೂತಕಾಲಕ್ಕೆ 14, ವರ್ತಮಾನಕ್ಕೆ 14 ಮನೆಗಳ ಕೋಷ್ಟಕ ಬರೆದು ಉರುಹೊಡೆಯುತ್ತಿದ್ದೆ. ಸರಳ ಧಾತುಗಳಲ್ಲಿ ಇದು ಹೇಗೋ ನಡೆಯಿತು. ‘ಅಜ್ವಫ್’, ಅಂದರೆ ಪೊಳ್ಳು ಎಂದು ಕರೆಯುವ, ನಡುವಿನ ಮೂಲಾಕ್ಷರ ವಾವ್ ಅಥವಾ ಯಾ ಆಗಿರುವ ಧಾತುಗಳು ಬಂದಾಗ ಮಾತ್ರ ಎಲ್ಲವೂ ಕಲಸಿಹೋಯಿತು. ‘ಕಾನ’ ಎಂದರೆ ‘ಇದ್ದನು’. ‘ಇದ್ದೆನು’ ಎನ್ನಲು ‘ಕುಂತು’. ಕನ್ನಡದ ಕಿವಿಗೆ ಈ ರೂಪ ಮರೆಯುವಂಥದ್ದಲ್ಲ, ಆದರೆ ದೀರ್ಘ ಆಕಾರ ಎಲ್ಲಿ ಹೋಯಿತೆಂಬುದನ್ನು ಕೋಷ್ಟಕ ಹೇಳುತ್ತಿರಲಿಲ್ಲ.

ಒಂದು ದಿನ ಆ 14 ರೂಪಗಳನ್ನು ಉರುಹೊಡೆಯುವ ಬದಲು ಎರಡು ಗುಂಪಾಗಿ ವಿಂಗಡಿಸಿದೆ. ಕಾನ, ಕಾನಾ, ಕಾನೂ, ಕಾನತ್, ಕಾನತಾ ಎಂಬ ಐದರಲ್ಲಿ ದೀರ್ಘ ಉಳಿದಿತ್ತು. ಮಿಕ್ಕ ಒಂಬತ್ತರಲ್ಲಿ ಹ್ರಸ್ವವಾಗಿತ್ತು. ಆ ಒಂಬತ್ತರಲ್ಲೂ ಪ್ರತ್ಯಯ ವ್ಯಂಜನದಿಂದ ಆರಂಭವಾಗುವುದರಿಂದ ಅದರ ಹಿಂದಿನ ಮೂಲಾಕ್ಷರ ಸ್ವರ ಕಳೆದುಕೊಳ್ಳುತ್ತದೆ. ಹಾಗೆ ಸ್ವರವಿಲ್ಲದ ವ್ಯಂಜನದ ಹಿಂದೆ ದೀರ್ಘ ಸ್ವರ ನಿಲ್ಲಲಾರದು. ವರ್ತಮಾನದ ‘ಯಕೂನು’ವಿನಲ್ಲೂ ಇದೇ ಕಾರಣಕ್ಕೆ ಸ್ತ್ರೀಬಹುವಚನದ ಎರಡು ರೂಪಗಳು ಮಾತ್ರ ಹ್ರಸ್ವವಾಗುತ್ತವೆ.

ಅಲ್ಲಿಂದ ಪ್ರತಿ ಪೊಳ್ಳು ಕ್ರಿಯಾಪದಕ್ಕೂ ಚೀಟಿಯಲ್ಲಿ ಮೂರೇ ರೂಪಗಳನ್ನು ಬರೆದೆ: ಅವನು ಮಾಡಿದ್ದು, ಅವನು ಮಾಡುವುದು, ನಾನು ಮಾಡಿದ್ದು. ಕಾನ, ಯಕೂನು, ಕುಂತು. ‘ನಡೆದನು’ ಎಂಬುದಕ್ಕೆ ಸಾರ, ಯಸೀರು, ಸಿರ್ತು. ‘ಮಲಗಿದನು’ ಎಂಬುದಕ್ಕೆ ನಾಮ, ಯನಾಮು, ನಿಮ್ತು. ಮೂರನೆಯ ರೂಪವನ್ನು ಬಿಡಬಹುದೆಂದು ಮೊದಲು ಅನ್ನಿಸಿತ್ತು, ಏಕೆಂದರೆ ಊಕಾರಕ್ಕೆ ಉಕಾರ, ಈಕಾರಕ್ಕೆ ಇಕಾರ ತಾನಾಗಿಯೇ ಬರುತ್ತದೆ. ಆದರೆ ‘ಯನಾಮು’ವನ್ನು ನಂಬಿ ‘ನಮ್ತು’ ಎಂದು ಬರೆದು ತಿದ್ದಿಸಿಕೊಂಡ ಮೇಲೆ ಅದನ್ನು ಬಿಡಲಿಲ್ಲ. ‘ಹೆದರಿದನು’ ಎಂಬುದೂ ಇದೇ ಕುಟುಂಬದ್ದು: ಖಾಫ, ಯಖಾಫು, ಖಿಫ್ತು. ಎರಡನೆಯ ರೂಪವನ್ನಂತೂ ಮೊದಲನೆಯದರಿಂದ ಊಹಿಸಲಾಗದು; ಕಾನ, ಸಾರ, ನಾಮ ಮೂರೂ ಕಿವಿಗೆ ಒಂದೇ ಅಚ್ಚಿನವು.

‘ಲಮ್’ ಸೇರಿದ ನಿಷೇಧ ರೂಪಗಳಿಗೆ ನಾನು ಕೋಷ್ಟಕವನ್ನೇ ಬರೆಯಲಿಲ್ಲ. ‘ಅವನು ಮಲಗಲಿಲ್ಲ’ ಎನ್ನುವಾಗ ‘ಯನಾಮು’ವಿನ ಕೊನೆಯ ಸ್ವರ ಬಿದ್ದು ಮೀಮ್ ಸ್ವರವಿಲ್ಲದೆ ಉಳಿಯುತ್ತದೆ, ಆದ್ದರಿಂದ ‘ಲಮ್ ಯನಮ್’. ‘ಅವರು ಮಲಗಲಿಲ್ಲ’ ಎನ್ನುವಾಗ ಮೀಮಿಗೆ ಊಕಾರವಿರುವುದರಿಂದ ದೀರ್ಘ ಹಾಗೆಯೇ ಉಳಿದು ‘ಲಮ್ ಯನಾಮೂ’ ಆಗುತ್ತದೆ.

ಸ್ವರಚಿಹ್ನೆಗಳಿಲ್ಲದ ಬರಹದಲ್ಲಿ ಆ ‘ಯನಮ್’ ಬರೀ ಯಾ, ನೂನ್, ಮೀಮ್ ಆಗಿ ಕಾಣುತ್ತದೆ. ಈ ಮೂರನ್ನೇ ಧಾತುವೆಂದು ತಿಳಿದು ನಿಘಂಟಿನಲ್ಲಿ ತಡಕಾಡಿದ್ದುಂಟು. ಈಗ ಪುರುಷ ಸೂಚಿಸುವ ಯಾ ತೆಗೆದಾಗ ಎರಡೇ ಅಕ್ಷರ ಉಳಿದರೆ, ನಡುವೆ ವಾವ್ ಇಟ್ಟು ಮೊದಲು ನೋಡುತ್ತೇನೆ, ಸಿಗದಿದ್ದರೆ ಯಾ ಇಡುತ್ತೇನೆ. ‘ಯನಮ್’ ಸಿಕ್ಕಿದ್ದು ನೂನ್, ವಾವ್, ಮೀಮ್ ಎಂಬಲ್ಲಿ.