ದುಬೈ ಆಫರ್ ಲೆಟರ್ ಹಿಡಿದು ನಾನು ನೋಡಿದ ನಾಲ್ಕು ಜಾಗ

ತಂಗಿ ಮಗ ಎಂಟನೇ ಕ್ಲಾಸ್ ಫೇಲ್. ಕುಂದಾಪುರದಲ್ಲಿ ಲೋಡಿಂಗ್ ಕೆಲಸ. ದುಬೈ ಗೋಡೌನ್‌ನಲ್ಲಿ ಹೆಲ್ಪರ್ ಕೆಲಸ, ತಿಂಗಳಿಗೆ 1,500 ದಿರ್ಹಾಮ್, ರೂಮು ಫ್ರೀ ಅಂತ ಒಂದು ಆಫರ್ ಲೆಟರ್ ಅವನ ವಾಟ್ಸಾಪ್‌ಗೆ ಬಂತು. ಏಜೆಂಟ್ ಕೇಳಿದ್ದು 85,000 ರೂಪಾಯಿ. ನಾನು ಗಲ್ಫ್‌ನಲ್ಲಿ ದುಡಿದು ಬಂದವನಾದ್ದರಿಂದ ಊರಿನ ಹುಡುಗರು ಇಂಥ ಕಾಗದ ತಂದು ತೋರಿಸುವುದು ಮಾಮೂಲಿ.

ಮೊದಲು ಕೇಳಿದ್ದು ಪಾಸ್‌ಪೋರ್ಟ್. ಅದರಲ್ಲಿ ಇಸಿಆರ್ ಅಂತ ಇದೆ, ಅಂದರೆ ಕೆಲಸಕ್ಕೆ ಕೆಲವು ದೇಶಗಳಿಗೆ ಹೋಗಲು ಸರ್ಕಾರದ ಅನುಮತಿ ಬೇಕು ಅಂತ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಇಂಥವರು ಯುಎಇ, ಸೌದಿ, ಕುವೈತ್, ಕತಾರ್, ಒಮಾನ್ ಮುಂತಾದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಅನ್ನುವ ಅಧಿಕಾರಿಯಿಂದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. 1983ರ ಎಮಿಗ್ರೇಷನ್ ಕಾಯ್ದೆಯ ನಿಯಮ ಇದು. ನಮ್ಮ ರಾಜ್ಯಕ್ಕೆ ಬೆಂಗಳೂರಿನಲ್ಲಿ ಆ ಕಚೇರಿ ಇದೆ, ಆದರೆ ಅರ್ಜಿ ಎಲ್ಲ ಆನ್‌ಲೈನ್.

ಏಜೆಂಟ್‌ಗೆ ಫೋನ್ ಹಚ್ಚಿ ಕ್ಲಿಯರೆನ್ಸ್ ಯಾರು ಮಾಡಿಸುತ್ತಾರೆ ಅಂತ ಕೇಳಿದೆ. "ಅದೆಲ್ಲ ಬೇಡ ಅಣ್ಣ, ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಹೋದ ಮೇಲೆ ಕಂಪನಿ ವೀಸಾಗೆ ಚೇಂಜ್ ಮಾಡಿಸ್ತೇವೆ" ಅಂದ. ನನಗೆ ಇಷ್ಟೇ ಸಾಕಾಗಿತ್ತು. ಕ್ಲಿಯರೆನ್ಸ್ ತಪ್ಪಿಸುವುದಕ್ಕೇ ಈ ದಾರಿ. ಏರ್‌ಪೋರ್ಟ್‌ನಲ್ಲಿ ಇಮಿಗ್ರೇಷನ್‌ನವರಿಗೆ ಅನುಮಾನ ಬಂದರೆ ಹುಡುಗ ಅಲ್ಲೇ ವಾಪಸ್. ಹೇಗೋ ದಾಟಿ ಹೋದ ಅಂದುಕೊಳ್ಳಿ, ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಕ್ರಮ. ಸಂಬಳ ಕೊಡದಿದ್ದರೆ ದೂರು ಕೊಡುವುದಕ್ಕೂ ಹೆದರಬೇಕು. ಏಜೆಂಟ್‌ಗೆ ಇದು ಚೆನ್ನಾಗಿ ಗೊತ್ತು.

ಆದರೂ ಹುಡುಗನಿಗೆ ನಂಬಿಕೆ ಬರಲಿಲ್ಲ. "ಮಾವ, ಅವರದ್ದು ಲೈಸೆನ್ಸ್ ಇದೆ, ನೋಡಿ" ಅಂತ ಕಾಗದದ ಕೆಳಗಿನ ನಂಬರ್ ತೋರಿಸಿದ. ಆಗ ಸರ್ಕಾರದ eMigrate ವೆಬ್‌ಸೈಟ್ emigrate.gov.in ತೆಗೆದೆವು. ವಿದೇಶಕ್ಕೆ ಕೆಲಸಗಾರರನ್ನು ಕಳಿಸಲು ನೋಂದಣಿ ಆದ ಏಜೆನ್ಸಿಗಳ ಪಟ್ಟಿ ಅಲ್ಲಿದೆ. ನಂಬರ್ ನಿಜವೇ, ಊರ್ಜಿತದಲ್ಲೇ ಇತ್ತು. ಹುಡುಗ ನನ್ನ ಮುಖ ನೋಡಿದ, ಗೆದ್ದೆ ಅನ್ನುವ ಹಾಗೆ.

ಜನ ಮೋಸ ಹೋಗುವುದು ಇಲ್ಲೇ. ಲೈಸೆನ್ಸ್ ನಂಬರ್ ಪಟ್ಟಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ, ನಕಲು ಹೊಡೆಯುವುದು ಒಂದು ನಿಮಿಷದ ಕೆಲಸ. ನೋಡಬೇಕಾದ್ದು ವಿಳಾಸ ಮತ್ತು ಫೋನ್. ಪಟ್ಟಿಯಲ್ಲಿದ್ದ ಏಜೆನ್ಸಿಯ ಆಫೀಸ್ ಮುಂಬೈಯಲ್ಲಿ, ನಮ್ಮ ಏಜೆಂಟ್ ಮಂಗಳೂರಿನಲ್ಲಿ. ವಾಟ್ಸಾಪ್ ನಂಬರ್ ಬಿಟ್ಟು ಪಟ್ಟಿಯಲ್ಲಿದ್ದ ನಂಬರಿಗೇ ಫೋನ್ ಮಾಡಿದೆವು. ಅವರಿಗೆ ಆ ಹೆಸರೂ ಗೊತ್ತಿಲ್ಲ, ಆ ಕೆಲಸವೂ ಗೊತ್ತಿಲ್ಲ. "ನಾನು ಅವರ ಸಬ್ ಏಜೆಂಟ್" ಅಂತ ಇವನು ಆಮೇಲೆ ವಾದ ಮಾಡಿದ. ಕಾಯ್ದೆಯಲ್ಲಿ ಸಬ್ ಏಜೆಂಟ್ ಅನ್ನುವವರಿಗೆ ಜಾಗವೇ ಇಲ್ಲ.

ದುಡ್ಡಿನ ಲೆಕ್ಕವೂ ಹೊಂದುತ್ತಿರಲಿಲ್ಲ. ನೋಂದಾಯಿತ ಏಜೆನ್ಸಿ ಕೆಲಸಗಾರನಿಂದ ಸೇವಾ ಶುಲ್ಕ ಅಂತ ಹೆಚ್ಚೆಂದರೆ 30,000 ರೂಪಾಯಿ ತೆಗೆದುಕೊಳ್ಳಬಹುದು, ಜಿಎಸ್‌ಟಿ ಸೇರಿ 35,400. ರಸೀದಿ ಕೊಡಲೇಬೇಕು. ಯುಎಇ ಕಾನೂನಿನಲ್ಲಂತೂ ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹಾಕುವ ಹಾಗೇ ಇಲ್ಲ. "ವೀಸಾ ಚಾರ್ಜ್" ಅಂತ ಇವನು ಕೇಳಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆಮೇಲೆ ಸಿಕ್ಕಿದ ಇನ್ನೊಂದು ಕೆಲಸ ಸರಿಯಾಗಿತ್ತು. ಅದು ಶಾರ್ಜಾದ್ದು, ಸಂಬಳ 1,000 ದಿರ್ಹಾಮ್, ಊಟ ರೂಮು ಕಂಪನಿಯದ್ದು. ಕಮ್ಮಿ ಅಂತ ಹುಡುಗ ಮೊದಲು ಮುಖ ಮುರಿದ. ನಾನು ಆಫರ್ ಲೆಟರ್ ಮತ್ತು ವೀಸಾ ಪಕ್ಕಪಕ್ಕ ಇಟ್ಟು ಕಂಪನಿ ಹೆಸರು, ಹುದ್ದೆ ಎರಡರಲ್ಲೂ ಒಂದೇನಾ ಅಂತ ಅಕ್ಷರ ಅಕ್ಷರ ನೋಡಿದೆ. ಅದೇ ಸಂಬಳ eMigrateಗೆ ಹಾಕುವ ಕರಾರಿನಲ್ಲೂ ಇದೆಯಾ ನೋಡಿದೆ. ಯುಎಇ ಕಾರ್ಮಿಕ ಇಲಾಖೆಯಿಂದ ಬರುವ ಆಫರ್ ಲೆಟರ್‌ಗೆ ಒಂದು ನಂಬರ್ ಇರುತ್ತದೆ, ಅದನ್ನು mohre.gov.aeನಲ್ಲಿ ಹಾಕಿ ನೋಡಬಹುದು. ಕಂಪನಿ ಲೆಟರ್‌ಹೆಡ್‌ನಲ್ಲಿ ಸುಮ್ನೆ ಟೈಪ್ ಮಾಡಿದ ಕಾಗದಕ್ಕೆ ಅಂಥ ನಂಬರ್ ಇರುವುದಿಲ್ಲ.

ಉಳಿದದ್ದು ಈ ಶಾರ್ಜಾ ಕೆಲಸ ಕೊಡಿಸಿದ ಏಜೆನ್ಸಿಯೇ ಮಾಡಿತು. ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆಗೆ ಎರಡು ವರ್ಷಕ್ಕೆ 275 ರೂಪಾಯಿ. ಕೆಲಸದಲ್ಲಿ ಅಪಘಾತವಾಗಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ವಿಮೆಯ ಪೇಪರ್ ಜೊತೆ ಕ್ಲಿಯರೆನ್ಸ್ ಬಂತು. ಅದರ ಪ್ರಿಂಟ್, ಕರಾರು, ರಸೀದಿ, ಎಲ್ಲದರ ಒಂದೊಂದು ಜೆರಾಕ್ಸ್ ತಂಗಿಯ ಹತ್ತಿರ ಕೊಟ್ಟೆ. ಸಂಬಳದ ತಕರಾರು ಬಂದರೆ eMigrateನಲ್ಲಿ ದೂರು ಕೊಡಲು ಈ ಕಾಗದಗಳು ಬೇಕಾಗುತ್ತವೆ, ಮನೆಯವರೂ ಅಲ್ಲಿ ದೂರು ದಾಖಲಿಸಬಹುದು.